‘ಬಿಡ್ತು ಅನ್ನಿ’ ಎನ್ನಿಸದ ಒಂದು ಸಾಲು: ಒಬ್ಬರ ದುಡಿಮೆಯ ಮನೆಗೆ ಜೀವ ವಿಮೆಯ ಘೋಷವಾಕ್ಯ ಬರೆಯುವ ಬಗೆ

ದಾವಣಗೆರೆಯ ಪಿ.ಬಿ. ರಸ್ತೆಗೆ ಹತ್ತಿಕೊಂಡ ಓಣಿಯಲ್ಲಿ ಕರಪತ್ರ, ಗೋಡೆ ಬರಹ, ಆಟೋ ಹಿಂದಿನ ಸಾಲು ಇತ್ಯಾದಿ ಬರೆದುಕೊಡುವ ಪುಟ್ಟ ಅಂಗಡಿ ನನ್ನದು. ಕೆಲವು ವರ್ಷಗಳ ಹಿಂದೆ ಒಬ್ಬ ವಿಮಾ ಏಜೆಂಟರಿಗೆ ‘ನಾಳೆ ನೀವಿಲ್ಲದಿದ್ದರೆ ಇವರಿಗೆ ಯಾರು ಗತಿ?’ ಎಂದು ಬರೆದುಕೊಟ್ಟೆ. ಕೆಳಗೆ ಇಬ್ಬರು ಮಕ್ಕಳ ಚಿತ್ರ. ಚೆನ್ನಾಗಿದೆ ಎಂದು ಅವರೂ ಹಿಗ್ಗಿದರು, ನಾನೂ ಹಿಗ್ಗಿದೆ. ಮೊದಲ ದಿನ ಹಂಚಲು ಅವರ ಜೊತೆ ನಾನೂ ಹೋಗಿದ್ದೆ. ಮೂರನೆಯ ಮನೆಯಲ್ಲಿ ಬಾಗಿಲು ತೆರೆದ ಹೆಣ್ಣುಮಗಳು ಸಾಲನ್ನು ಓದಿ, ಕರಪತ್ರವನ್ನು ಮಡಚಿ ನಮ್ಮ ಕೈಗೇ ತುರುಕಿ, ‘ಬಿಡ್ತು ಅನ್ನಿ’ ಎಂದರು. ಬಾಗಿಲು ಮುಚ್ಚಿತು.

ಅಶುಭ ಮಾತು ಆಡಿದವರ ಬಾಯಿಂದಲೇ ಅದನ್ನು ವಾಪಸು ತೆಗೆಸುವ ಮಾತು ಅದು. ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವ, ದೀಪ ಆರಿಸು ಎನ್ನದೆ ‘ಶಾಂತ ಮಾಡು’ ಎನ್ನುವ ಜನ ನಾವು. ಅಂಥವರ ಮುಂದೆ ಸಾವನ್ನು ಎತ್ತಿ ತೋರಿಸಿ ಪಾಲಿಸಿ ಮಾರಲು ಹೊರಟದ್ದು ನನ್ನ ದಡ್ಡತನ. ಆಮೇಲೆ ಬರೆದ ಪ್ರತಿಯೊಂದು ವಿಮೆಯ ಸಾಲಿಗೂ ನಾನು ಬಳಸುವ ದಾರಿಯನ್ನು ಇಲ್ಲಿ ಹೇಳುತ್ತಿದ್ದೇನೆ. ಉದಾಹರಣೆಯಾಗಿ ಒಂದೇ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ತೆಗೆದುಕೊಳ್ಳುತ್ತೇನೆ: ಒಬ್ಬರ ಸಂಬಳದಲ್ಲಿ ನಡೆಯುವ ಕುಟುಂಬಕ್ಕೆಂದು ರೂಪಿಸಿದ ಒಂದು ಅವಧಿ ವಿಮೆ, ಅಂದರೆ ಟರ್ಮ್ ಪ್ಲಾನ್.

ಮೊದಲು ಪಾಲಿಸಿ ಓದಿ, ಆಮೇಲೆ ಪೆನ್ನು ಹಿಡಿಯಿರಿ

ಘೋಷವಾಕ್ಯ ಬರೆಯುವವರಲ್ಲಿ ಹೆಚ್ಚಿನವರು ಪಾಲಿಸಿಯ ಪತ್ರವನ್ನು ತೆರೆದೇ ನೋಡುವುದಿಲ್ಲ. ‘ರಕ್ಷಣೆ’, ‘ಭದ್ರತೆ’, ‘ನೆಮ್ಮದಿ’ ಎಂಬ ಮೂರು ಪದಗಳನ್ನು ಹಿಂದೆ ಮುಂದೆ ಮಾಡಿ ಕೊಟ್ಟುಬಿಡುತ್ತಾರೆ. ಆ ಪದಗಳು ಬ್ಯಾಂಕಿಗೂ ಹೊಂದುತ್ತವೆ, ಬೀಗದ ಕಂಪನಿಗೂ ಹೊಂದುತ್ತವೆ. ಓದಬೇಕಾದದ್ದು ಮೂರೇ ಸಂಗತಿ: ಎಷ್ಟು ಹಣ, ಯಾವ ರೂಪದಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ.

ನನ್ನ ಕೈಗೆ ಬಂದ ಯೋಜನೆಯ ಲೆಕ್ಕ ಹೀಗಿತ್ತು. ಪಾಲಿಸಿದಾರರು ಅವಧಿಯೊಳಗೆ ತೀರಿಕೊಂಡರೆ ನಾಮಿನಿಗೆ ಒಂದೇ ಸಲ 10 ಲಕ್ಷ ರೂಪಾಯಿ, ಜೊತೆಗೆ 15 ವರ್ಷ ಪ್ರತಿ ತಿಂಗಳು 20,000 ರೂಪಾಯಿ. ತಿಂಗಳ ಹಣವೆಲ್ಲ ಸೇರಿದರೆ 36 ಲಕ್ಷ. ಅವಧಿ ಮುಗಿಯುವವರೆಗೆ ಪಾಲಿಸಿದಾರರು ಬದುಕಿದ್ದರೆ ಏನೂ ವಾಪಸು ಬರುವುದಿಲ್ಲ. ಅದಕ್ಕಾಗಿಯೇ ಕಂತು ಕಡಿಮೆ. ಕನ್ನಡ ಕರಪತ್ರದಲ್ಲಿ ಇದನ್ನೆಲ್ಲ ‘ಮರಣ ಲಾಭ’ ಎಂಬ ತಲೆಬರಹದ ಕೆಳಗೆ ಹಾಕಿದ್ದರು. ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದರೆ ಇಂಥದ್ದು ಹುಟ್ಟುತ್ತದೆ. ಮರಣದಲ್ಲಿ ಯಾರಿಗೆ ಲಾಭ?

ನಾನು 46 ಲಕ್ಷ ಎಂಬ ದೊಡ್ಡ ಅಂಕಿಯನ್ನು ಪಕ್ಕಕ್ಕಿಟ್ಟು, 20,000 ಎಂಬ ಚಿಕ್ಕ ಅಂಕಿಯ ಸುತ್ತ ಗುರುತು ಹಾಕಿಕೊಂಡೆ. ದೊಡ್ಡ ಮೊತ್ತ ಯಾವಾಗ ಬರುತ್ತದೆ ಎಂದು ಯೋಚಿಸಿದ ಕೂಡಲೇ ಆ ದಿನ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ತಿಂಗಳ ಹಣ ಕಣ್ಣ ಮುಂದೆ ತರುವುದು ಮನೆಯ ಖರ್ಚನ್ನು.

ಮನೆಯವರ ಜೊತೆ ತಿಂಗಳ ಪಟ್ಟಿ ಮಾಡಿ

ಇದು ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುವ, ಎಲ್ಲಕ್ಕಿಂತ ಹೆಚ್ಚು ಕೊಡುವ ಹೆಜ್ಜೆ. ನಾನು ಹೋದದ್ದು ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರ ಮನೆಗೆ. ಸಂಬಳ 28,000. ಹೆಂಡತಿ ಮನೆ ನೋಡಿಕೊಳ್ಳುತ್ತಾರೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಜೊತೆಗೆ ವಯಸ್ಸಾದ ಅತ್ತೆ. ಗುಮಾಸ್ತರನ್ನು ಬಿಟ್ಟು ಅವರ ಹೆಂಡತಿಯನ್ನೇ ಕೇಳಿದೆ: ‘ಅಕ್ಕಾ, ತಿಂಗಳಲ್ಲಿ ಯಾವ ಯಾವ ದಿನ ಕೈಯಲ್ಲಿ ದುಡ್ಡು ಇರಲೇಬೇಕು?’

ಪ್ರಶ್ನೆ ಹೀಗೆಯೇ ಇರಬೇಕು. ‘ಅವರಿಗೆ ಏನಾದರೂ ಆದರೆ ಏನು ಮಾಡುತ್ತೀರಿ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಚಹಾ ಬರುತ್ತದೆ, ಮಾತು ಬೇರೆ ಕಡೆ ಹೋಗುತ್ತದೆ. ದಿನಾಂಕ ಕೇಳಿದರೆ ಬಾಯಿಪಾಠ ಒಪ್ಪಿಸಿದಂತೆ ಹೇಳುತ್ತಾರೆ. ಒಂದನೇ ತಾರೀಖು ಬಾಡಿಗೆ 6,500. ಮೂರಕ್ಕೆ ಹಾಲಿನವರಿಗೆ 1,800. ಐದಕ್ಕೆ ಚೀಟಿ 2,000. ಹತ್ತರೊಳಗೆ ಶಾಲೆಯ ವ್ಯಾನಿಗೆ 1,600. ದಿನಸಿ, ತರಕಾರಿ, ಗ್ಯಾಸ್ ಸೇರಿ 6,000. ಅತ್ತೆಯ ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗೆ 1,400. ಕೂಡಿಸಿದರೆ 19,300. ಉಳಿದದ್ದು ಗುಮಾಸ್ತರ ಪೆಟ್ರೋಲು, ಮಧ್ಯಾಹ್ನದ ಊಟ, ಹಬ್ಬ ಹುಣ್ಣಿಮೆ.

ಈ ಪಟ್ಟಿ ಎರಡು ಕೆಲಸ ಮಾಡಿತು. ಯೋಜನೆಯ 20,000 ಈ ಮನೆಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ ಎಂದು ತೋರಿಸಿತು. ಜೂನ್ ತಿಂಗಳ ಶಾಲಾ ಶುಲ್ಕದಂಥ ದೊಡ್ಡ ಖರ್ಚಿಗೆ 10 ಲಕ್ಷ ಇದೆ. ಎರಡನೆಯದಾಗಿ, ನನಗೆ ಪದ ಕೊಟ್ಟಿತು. ಆ ಹೆಣ್ಣುಮಗಳು ಒಂದು ಸಲವೂ ‘ಭದ್ರತೆ’ ಎನ್ನಲಿಲ್ಲ. ‘ಒಂದನೇ ತಾರೀಖಿಗೆ ಇವರ ಸಂಬಳ ಮನೆ ಸೇರಿದರೆ ಆಯಿತು, ಮಿಕ್ಕಿದ್ದನ್ನು ನಾನು ತೂಗಿಸುತ್ತೇನೆ’ ಎಂದರು. ‘ಮನೆ ಸೇರು’ ಎಂಬ ಎರಡು ಪದಗಳನ್ನು ನಾನು ಪುಸ್ತಕದಲ್ಲಿ ಅಲ್ಲೇ ಗೀಟು ಹಾಕಿಕೊಂಡೆ. ಕತ್ತಲಾದ ಮೇಲೆ ಬಸ್ಸಿನಲ್ಲಿ ಹೋದವರಿಗೆ ಫೋನ್ ಮಾಡಿ ‘ಮನೆ ಸೇರಿದಿರಾ?’ ಎಂದು ಕೇಳುತ್ತೇವಲ್ಲ, ಆ ಪದ. ಅದರೊಳಗೆ ಕಾಳಜಿ ಇದೆ, ಅಂಜಿಕೆ ಇಲ್ಲ.

‘ಮಿಕ್ಕಿದ್ದನ್ನು ನಾನು ತೂಗಿಸುತ್ತೇನೆ’ ಎಂಬುದನ್ನೂ ಮರೆಯಬೇಡಿ. ಸಂಬಳ ತರದವರೂ ಆ ಮನೆಯನ್ನು ನಡೆಸುತ್ತಿದ್ದಾರೆ. ‘ಆಸರೆ’, ‘ಗತಿ’, ‘ದಿಕ್ಕು’ ಎಂಬ ಪದಗಳು ಅವರನ್ನು ಕೈಲಾಗದವರನ್ನಾಗಿ ಮಾಡಿಬಿಡುತ್ತವೆ.

ಭಯ ಎಲ್ಲಿ ಕುಳಿತಿರುತ್ತದೆ?

ಭಯವನ್ನು ತೆಗೆಯಿರಿ ಎಂದರೆ ಬಹಳ ಮಂದಿ ‘ಸಾವು’, ‘ಅಪಘಾತ’ ಎಂಬ ಪದಗಳನ್ನು ಹೊಡೆದುಹಾಕಿ ಸುಮ್ಮನಾಗುತ್ತಾರೆ. ಕನ್ನಡದಲ್ಲಿ ಭಯ ನಾಮಪದದಲ್ಲಿ ಕುಳಿತಿರುವುದಕ್ಕಿಂತ ಹೆಚ್ಚಾಗಿ ಕ್ರಿಯಾಪದದ ಬಾಲದಲ್ಲಿ ಕುಳಿತಿರುತ್ತದೆ. ‘ಆದರೆ’, ‘ಹೋದರೆ’, ‘ಇಲ್ಲದಿದ್ದರೆ’ ಎಂಬಲ್ಲಿನ ‘ಅರೆ’ ಇದೆಯಲ್ಲ, ಅದೇ ಅದರ ಗೂಡು. ‘ಏನಾದರೂ ಆದರೆ’ ಎಂಬ ಮಾತಿನಲ್ಲಿ ಒಂದೂ ಕೆಟ್ಟ ಪದವಿಲ್ಲ. ಆದರೂ ಕೇಳಿದ ಕೂಡಲೇ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ‘ನಿಮ್ಮ ನಂತರವೂ’, ‘ನೀವಿಲ್ಲದಾಗಲೂ’ ಎಂಬವು ಅದರ ತಂಗಿಯರು.

ಹಾಗಾಗಿ ನನ್ನ ನಿಯಮ ಸರಳ: ಸಾಲಿನಲ್ಲಿ ‘ಅರೆ’ ಬೇಡ, ‘ನಂತರ’ ಬೇಡ. ಅದರ ಬದಲು ‘ಉತ್ತದೆ’ ಎಂಬ ರೂಪವನ್ನು ಹಿಡಿಯಿರಿ. ಇಲ್ಲಿ ನಮ್ಮ ಭಾಷೆ ಬರೆಯುವವರಿಗೆ ಉದಾರವಾಗಿ ಸಹಾಯ ಮಾಡುತ್ತದೆ. ‘ಹಾಲಿನವನು ಆರಕ್ಕೆ ಬರುತ್ತಾನೆ’ ಎಂದರೆ ದಿನವೂ ಬರುತ್ತಾನೆ ಎಂದೂ ಆಗುತ್ತದೆ, ನಾಳೆಯೂ ಬರುತ್ತಾನೆ ಎಂದೂ ಆಗುತ್ತದೆ. ಒಂದೇ ಕ್ರಿಯಾಪದ ಇವತ್ತಿನ ರೂಢಿಯನ್ನೂ ಮುಂದಿನ ದಿನವನ್ನೂ ಹೊರುತ್ತದೆ. ದುಡಿಯುವವರು ಇದ್ದಾಗಿನ ತಿಂಗಳು, ಇಲ್ಲದಾಗಿನ ತಿಂಗಳು ಎಂಬ ಗಡಿಯನ್ನು ಎಳೆಯದೆ ಎರಡನ್ನೂ ಒಂದೇ ಮಾತಿನಲ್ಲಿ ಹೇಳಬಹುದು.

ಭಾರತೀಯ ಜೀವ ವಿಮಾ ನಿಗಮ 1956ರಲ್ಲಿ ಸ್ಥಾಪನೆಯಾಯಿತು. ಅದು ಆರಿಸಿಕೊಂಡ ಧ್ಯೇಯವಾಕ್ಯ ಭಗವದ್ಗೀತೆಯ 9ನೇ ಅಧ್ಯಾಯದ 22ನೇ ಶ್ಲೋಕದ ‘ಯೋಗಕ್ಷೇಮಂ ವಹಾಮ್ಯಹಮ್’. ಯೋಗಕ್ಷೇಮವನ್ನು ನಾನು ಹೊರುತ್ತೇನೆ. ಅಲ್ಲಿ ಯಾವ ‘ಅರೆ’ಯೂ ಇಲ್ಲ, ವರ್ತಮಾನದ ಒಂದು ಕ್ರಿಯಾಪದ ಅಷ್ಟೆ.

ಕಳೆ ಕೀಳುವುದು

ಈಗ ಮೊದಲ ಕರಡುಗಳು. ನನ್ನವು ಎಷ್ಟು ಹದಗೆಟ್ಟವು ಎಂಬುದನ್ನೂ ಹೇಳಿಬಿಡುತ್ತೇನೆ.

‘ನಿಮ್ಮ ಮನೆಗೆ ಇನ್ನೊಂದು ಹೆಗಲು’ ಎಂದು ಬರೆದೆ. ಭಾರ ಹಂಚಿಕೊಳ್ಳುವ ಅರ್ಥದಲ್ಲಿ. ಮಂಡಕ್ಕಿ ತಿನ್ನುತ್ತ ಕುಳಿತಿದ್ದ ನನ್ನ ದೊಡ್ಡಪ್ಪ ಕೇಳಿಸಿಕೊಂಡು, ‘ಹೆಗಲು ಕೊಡುವುದು ಎಂದರೆ ನಮ್ಮ ಕಡೆ ಚಟ್ಟಕ್ಕೆ’ ಎಂದರು. ಹೋಯಿತು. ‘ನಿಮ್ಮ ಮನೆಯ ದೀಪ’ ಎಂಬುದನ್ನೂ ಅದೇ ಕಾರಣಕ್ಕೆ ಬಿಟ್ಟೆ. ಹೆಣದ ತಲೆಯ ಬಳಿ ಇಡುವ ದೀಪ ನೆನಪಾಗುತ್ತದೆ. ಅಲ್ಲದೆ ಎರಡು ಕೈಗಳ ನಡುವಿನ ದೀಪ ಈಗಾಗಲೇ ಜೀವ ವಿಮಾ ನಿಗಮದ ಚಿಹ್ನೆ. ‘ಸಂಬಳ ತಿಂಗಳು ತಪ್ಪುವುದಿಲ್ಲ’ ಎಂಬುದನ್ನು ಅಂಗಡಿಯ ಹುಡುಗಿಗೆ ಟೈಪ್ ಮಾಡಲು ಕೊಟ್ಟಾಗ ಅವಳು ನಗಲು ಶುರುಮಾಡಿದಳು. ತಿಂಗಳು ತಪ್ಪುವುದು ಎಂದರೆ ಬಸುರು.

ವಿಮಾ ಕಂಪನಿಯ ಚಿತ್ರದುರ್ಗದ ಶಾಖೆಯವರಿಗೆ ಮಾತ್ರ ಒಂದೇ ಆಸೆ: ಏಳು ಸುತ್ತಿನ ಕೋಟೆ ಬೇಕು. ಆ ಊರಿನಲ್ಲಿ ಸಿಮೆಂಟಿನಿಂದ ಸೀರೆಯವರೆಗೆ ಎಲ್ಲಕ್ಕೂ ಕೋಟೆಯೇ. ಕೋಟೆ ಎಂದರೆ ಭದ್ರತೆ ಅಲ್ಲವೇ ಎಂದು ಕೇಳಿದರು. ಕೋಟೆ ಇದೆ ಎಂದರೆ ಹೊರಗೆ ಶತ್ರು ಇದ್ದಾನೆ ಎಂದೇ ಅರ್ಥ. ಮುಂಬಾಗಿಲಿಂದ ಓಡಿಸಿದ ಭಯ ಹೈದರಾಲಿಯ ಸೈನಿಕರಂತೆ ಕಿಂಡಿಯಲ್ಲಿ ತಲೆ ಹಾಕುತ್ತದೆ. ಹಾಗಿದ್ದರೆ ಓಬವ್ವ ಎಂದರು. ಗಂಡ ಕಾವಲುಗಾರ, ಅವನು ಊಟಕ್ಕೆ ಬಂದಾಗ ಹೆಂಡತಿ ಒನಕೆ ಹಿಡಿದು ನಿಂತ ಕಥೆ ಒಬ್ಬರ ದುಡಿಮೆಯ ಮನೆಗೆ ಹೊಂದುವಂತೆ ಕಾಣುತ್ತದೆ ನಿಜ. ಆದರೆ ಮಾತ್ರೆಗೂ ವ್ಯಾನಿಗೂ ದುಡ್ಡು ಹೊಂದಿಸುವ ಹೆಣ್ಣುಮಗಳ ಕೈಗೆ ನಾವು ಒನಕೆ ಕೊಡಬೇಕಾಗಿಲ್ಲ.

ಇನ್ನೊಂದು ಪದ ಈಗ ನಮ್ಮ ರಾಜ್ಯದಲ್ಲಿ ಬಳಸಲು ಬರುವುದಿಲ್ಲ: ‘ಗ್ಯಾರಂಟಿ’. ‘ಮನೆಯೊಡತಿಗೆ ತಿಂಗಳ ಗ್ಯಾರಂಟಿ’ ಎಂಬ ಕರಡನ್ನು ಓದಿದ ಮೊದಲ ಮೂವರೂ, 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಹೆಚ್ಚಾಯಿತೇ ಎಂದು ಕೇಳಿದರು.

ಸಾಲು ಹೇಗೆ ಬಂತು

ಅಕ್ಕನ ಮಾತಿನಿಂದಲೇ ಹೊರಟೆ. ‘ಒಂದನೇ ತಾರೀಖು ಪ್ರತಿ ತಿಂಗಳೂ ಬರುತ್ತದೆ’ ಎಂದು ಬರೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಬಾಡಿಗೆ ಮನೆಯ ಒಬ್ಬರು ಓದಿ, ‘ಹೌದು, ಮಾಲೀಕರೂ ಬರುತ್ತಾರೆ’ ಎಂದರು. ಸಂಬಳ ಪಡೆಯುವವರಿಗೆ ಆ ದಿನ ಹಬ್ಬ, ಕೊಡಬೇಕಾದವರಿಗೆ ಬೆದರಿಕೆ. ಏನು ಬರುತ್ತದೆ ಎಂಬುದನ್ನು ಹೇಳದೆ ವಿಧಿಯಿಲ್ಲ.

‘ಒಂದನೇ ತಾರೀಖಿಗೆ ಮನೆ ಖರ್ಚು ಮನೆಗೆ ಬರುತ್ತದೆ.’ ಅರ್ಥ ಸರಿ, ಆದರೆ ಯಾರೋ ದಾನ ಕೊಟ್ಟಂತಿದೆ. ಈ ಹಣ ಕಂಪನಿಯ ಔದಾರ್ಯವಲ್ಲ. ಕಂತು ಕಟ್ಟಿದ್ದು ಗುಮಾಸ್ತರು, ದಿನಕ್ಕೆ ಹತ್ತು ಗಂಟೆ ಮೆಕ್ಕೆಜೋಳದ ದೂಳಿನ ನಡುವೆ ಕುಳಿತು. ಅದನ್ನು ಅವರ ಹೆಸರಿಗೇ ಬರೆಯಬೇಕು. ‘ನಿಮ್ಮ ದುಡಿಮೆ ಒಂದನೇ ತಾರೀಖಿಗೆ ಮನೆ ಸೇರುತ್ತದೆ.’ ಇದನ್ನು ಓದಿದಾಗ ಗುಮಾಸ್ತರು ಸ್ವಲ್ಪ ನೆಟ್ಟಗೆ ಕುಳಿತದ್ದನ್ನು ನೋಡಿದೆ. ‘ನಿಮ್ಮ’ ಎಂಬುದಕ್ಕೆ ಲಿಂಗವಿಲ್ಲ ಎಂಬುದು ಇನ್ನೊಂದು ಅನುಕೂಲ. ‘ಯಜಮಾನ’, ‘ಅಪ್ಪ’ ಎಂದಿದ್ದರೆ, ಗಾರ್ಮೆಂಟ್ಸ್‌ಗೆ ಹೋಗಿ ಒಬ್ಬಳೇ ಮನೆ ನಡೆಸುವ ತಾಯಿ ಹೊರಗೆ ಉಳಿಯುತ್ತಿದ್ದಳು.

ಆಮೇಲೆ ಪಾಲಿಸಿಯ ಪತ್ರವನ್ನು ಮತ್ತೆ ತೆಗೆದೆ. ತಿಂಗಳ ಹಣ ಒಂದನೇ ತಾರೀಖಿಗೇ ಬರುತ್ತದೆ ಎಂದು ಅಲ್ಲಿ ಎಲ್ಲೂ ಇರಲಿಲ್ಲ. ಮರಣದ ದಿನಾಂಕಕ್ಕೆ ಹೊಂದಿಕೊಂಡು ತಿಂಗಳಿಗೊಮ್ಮೆ ಬರುತ್ತದೆ, ಅದು ಹದಿನೇಳೂ ಆಗಬಹುದು. ನನಗೆ ಅತ್ಯಂತ ಇಷ್ಟವಾದ ಎರಡು ಪದಗಳು ಹೀಗೆ ಹೋದವು. ನೋವಾದರೂ ತೆಗೆಯಲೇಬೇಕು, ಜಾಹೀರಾತಿನ ಮಾತು ಪಾಲಿಸಿಯ ಮಾತನ್ನು ಮೀರಿದರೆ ಅದು ಸುಳ್ಳು, ಮತ್ತು ಆ ಸುಳ್ಳು ಬಯಲಾಗುವುದು ಮನೆಯವರಿಗೆ ಅತ್ಯಂತ ಕೆಟ್ಟ ತಿಂಗಳಲ್ಲಿ. ಉಳಿದದ್ದು ಇದು:

ನಿಮ್ಮ ದುಡಿಮೆ ತಿಂಗಳು ತಿಂಗಳೂ ಮನೆ ಸೇರುತ್ತದೆ.

ಏಜೆಂಟರು ಇದಕ್ಕೆ ‘ಮೊದಲಿನಂತೆಯೇ’ ಎಂದು ಸೇರಿಸಲು ಹೇಳಿದರು. ನಾನು ಒಪ್ಪಲಿಲ್ಲ. 20,000 ಎಂಬುದು ಹದಿನೈದು ವರ್ಷವೂ 20,000ವೇ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರುತ್ತವೆ ಎಂದುಕೊಂಡರೆ ಹನ್ನೆರಡನೆಯ ವರ್ಷದ ಹೊತ್ತಿಗೆ ಅದರಲ್ಲಿ ಇವತ್ತಿನ 10,000 ರೂಪಾಯಿಯ ಸಾಮಾನು ಮಾತ್ರ ಬರುತ್ತದೆ. ತಿಂಗಳ ಹಣ ವರ್ಷವರ್ಷವೂ ಏರುವ ಯೋಜನೆಗಳೂ ಇವೆ, ಕಂತು ಹೆಚ್ಚು. ಅಂಥದ್ದಕ್ಕಾದರೆ ‘ಮೊದಲಿನಂತೆ’ ಎಂಬುದರ ಬಗ್ಗೆ ಯೋಚಿಸಬಹುದಿತ್ತು.

ಎರಡು ಪರೀಕ್ಷೆ

ಸಾಲನ್ನು ಕಾಗದದಲ್ಲಿ ತೋರಿಸಬೇಡಿ, ಬಾಯಲ್ಲಿ ಹೇಳಿ. ಎಂಟು ಹತ್ತು ಜನ ಸಾಕು, ಆದರೆ ಅವರಲ್ಲಿ ಅರ್ಧದಷ್ಟಾದರೂ ಸಂಬಳ ತರದ ಕಡೆಯವರಾಗಿರಲಿ. ಮೊದಲ ಪರೀಕ್ಷೆ ಮುಖದ್ದು. ಹೇಳುವಾಗ ಅವರ ಕಣ್ಣು ಪಕ್ಕದಲ್ಲಿರುವ ಮಗುವಿನ ಕಡೆಗೋ ದೇವರ ಪಟದ ಕಡೆಗೋ ಹೋದರೆ, ‘ಬಿಡ್ತು’ ಎಂಬುದು ಬಾಯಿಗೆ ಬರದಿದ್ದರೂ ಮನಸ್ಸಿಗೆ ಬಂದಿದೆ. ಸಾಲು ಬಿದ್ದುಹೋಯಿತು ಎಂದೇ ಲೆಕ್ಕ.

ಎರಡನೆಯ ಪರೀಕ್ಷೆಯಲ್ಲಿ ಭಯವಿಲ್ಲದ ಸಾಲುಗಳಲ್ಲಿ ಹೆಚ್ಚಿನವು ಸೋಲುತ್ತವೆ. ‘ಇದರಲ್ಲಿ ನಿಮಗೆ ಏನು ಸಿಗುತ್ತದೆ ಎಂದು ಅರ್ಥವಾಯಿತು?’ ಎಂದು ಕೇಳಿ. ನನ್ನ ಸಾಲಿಗೆ ಒಬ್ಬ ಹಿರಿಯರು, ‘ಪಿಂಚಣಿ ಇರಬೇಕು, ಅರವತ್ತು ಆದ ಮೇಲೆ ಬರುತ್ತದೆ’ ಎಂದರು. ಇನ್ನೊಬ್ಬರು ಮುಂದಿನ ತಿಂಗಳಿನಿಂದಲೇ ಬರುತ್ತದೆಯೇ ಎಂದರು. ತಪ್ಪು ಅವರದ್ದಲ್ಲ. ಭಯವನ್ನು ತೆಗೆಯುವ ಭರದಲ್ಲಿ ಹಣ ಯಾಕೆ ಬರುತ್ತದೆ ಎಂಬ ಕಾರಣವನ್ನೂ ತೆಗೆದುಹಾಕಿದ್ದೆ. ಹೀಗೆ ತಪ್ಪು ತಿಳಿದು ಪಾಲಿಸಿ ಕೊಂಡವರು ಪತ್ರ ಕೈಸೇರಿದ 30 ದಿನಗಳೊಳಗೆ ವಾಪಸು ಮಾಡಬಹುದು; ಮಾಡದವರು ಎರಡನೆಯ ಕಂತು ಕಟ್ಟುವುದಿಲ್ಲ, ಪಾಲಿಸಿ ನಿಂತುಹೋಗುತ್ತದೆ.

ಇದಕ್ಕೆ ಪರಿಹಾರ ಘೋಷವಾಕ್ಯವನ್ನು ತಿದ್ದುವುದಲ್ಲ, ಅದರ ಕೆಳಗೆ ಒಂದು ಅಡಿಸಾಲು ಬರೆಯುವುದು. ಅಲ್ಲಿ ಸಾವನ್ನು ಒಮ್ಮೆ, ನೇರವಾಗಿ, ಯಾವ ವಿಶೇಷಣವೂ ಇಲ್ಲದೆ ಹೇಳಬೇಕು: ‘ಪಾಲಿಸಿದಾರರ ಮರಣದ ಬಳಿಕ ಕುಟುಂಬಕ್ಕೆ ತಿಂಗಳಿಗೆ 20,000 ರೂಪಾಯಿ, 15 ವರ್ಷ. ಇದು ಉಳಿತಾಯ ಯೋಜನೆಯಲ್ಲ.’ ಮೇಲಿನ ಸಾಲಿನಲ್ಲಿ ‘ನಂತರ’ ಬೇಡವೆಂದವನು ಕೆಳಗೆ ‘ಬಳಿಕ’ ಎಂದು ಬರೆದನಲ್ಲ ಎನ್ನಬೇಡಿ. ‘ಆಕಸ್ಮಿಕ’, ‘ದುರಂತ’, ‘ಅನಾಥ’ ಎಂಬ ಒಗ್ಗರಣೆ ಇಲ್ಲದಾಗ ಮರಣ ಎಂಬುದು ಒಂದು ಸಂಗತಿ ಮಾತ್ರ. ಅಡಿಸಾಲಿನೊಂದಿಗೆ ಮತ್ತೆ ಕೇಳಿದಾಗ ಆ ಹಿರಿಯರು, ‘ಹಾಗಾದರೆ ಇದು ನನಗಲ್ಲ, ನನ್ನ ಮಗನಿಗೆ’ ಎಂದರು. ಸರಿಯಾಗಿ ಅರ್ಥವಾಗಿದೆ.

ಗೋಡೆಗೆ ಹೋಗುವ ಮುನ್ನ

ಏಜೆಂಟರು ತಮ್ಮಷ್ಟಕ್ಕೆ ತಾವೇ ಸಾಲು ಅಚ್ಚು ಹಾಕಿಸುವಂತಿಲ್ಲ. ವಿಮಾ ಕಂಪನಿಯ ಲಿಖಿತ ಒಪ್ಪಿಗೆ ಮೊದಲೇ ಬೇಕು. ಘೋಷವಾಕ್ಯ ಮತ್ತು ಅಡಿಸಾಲು ಎರಡನ್ನೂ ಒಟ್ಟಿಗೇ ಕಳುಹಿಸಿ, ಇಲ್ಲವಾದರೆ ಅಡಿಸಾಲು ದಾರಿಯಲ್ಲಿ ಕಳೆದುಹೋಗುತ್ತದೆ. ಜೊತೆಗೆ ‘ಮೊದಲ ಕಂತು ನಮ್ಮದು’ ಎಂಬಂಥ ಆಮಿಷ ಸೇರಿಸಲು ಯಾರಾದರೂ ಹೇಳಿದರೆ, 1938ರ ವಿಮಾ ಕಾಯ್ದೆಯ 41ನೇ ಕಲಂ ಕಂತಿನಲ್ಲಿ ಹಾಗೆ ಬಿಟ್ಟುಕೊಡುವುದನ್ನು ನಿಷೇಧಿಸಿದೆ ಎಂದು ತಿಳಿಸಿ.

ಗೋಡೆ ಬರೆಯುವವರಿಗೆ ಸಾಲನ್ನು ಎಲ್ಲಿ ಮುರಿಯಬೇಕು ಎಂದು ಗೆರೆ ಎಳೆದು ತೋರಿಸಬೇಕು. ‘ನಿಮ್ಮ ದುಡಿಮೆ’ ಒಂದು, ‘ತಿಂಗಳು ತಿಂಗಳೂ’ ಒಂದು, ‘ಮನೆ ಸೇರುತ್ತದೆ’ ಒಂದು. ಹರಿಹರದ ದಾರಿಯ ಒಂದು ಗೋಡೆಯಲ್ಲಿ ‘ಮನೆ’ ಎರಡನೆಯ ಸಾಲಿಗೆ ಹೋಗಿ ‘ಸೇರುತ್ತದೆ’ ಒಂಟಿಯಾಗಿ ನಿಂತಿತ್ತು. ಎಲ್ಲಿಗೆ ಸೇರುತ್ತದೆ ಎಂದು ದಾರಿಹೋಕರು ಹುಡುಕಬೇಕಿತ್ತು.

ಚಿತ್ರದುರ್ಗ ಶಾಖೆಯವರು ಕೊನೆಗೆ ಕೋಟೆ ಬಿಟ್ಟು ಇದೇ ಸಾಲನ್ನು ಒಪ್ಪಿಕೊಂಡರು. ಪೇಟೆಯಲ್ಲಿ ನಡೆಯಿತು. ಚಳ್ಳಕೆರೆಯ ಕಡೆಯ ಹಳ್ಳಿಯೊಂದರಲ್ಲಿ ಶೇಂಗಾ ಬೆಳೆಯುವ ರೈತರೊಬ್ಬರಿಗೆ ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. ‘ತಿಂಗಳು ತಿಂಗಳೂ ಮನೆ ಸೇರುವುದಕ್ಕೆ ನನ್ನ ದುಡಿಮೆ ಸಂಬಳವೇ? ಮಳೆ ಬಂದ ವರ್ಷ ಒಮ್ಮೆ ಸೇರುತ್ತದೆ.’ ಅವರ ಮನೆಗೆ ಬೇರೆ ಸಾಲು ಬೇಕು. ಈಗ ಅವರ ಹೆಂಡತಿಯ ಬಳಿ ಕುಳಿತು ವರ್ಷದ ಪಟ್ಟಿ ಮಾಡುತ್ತಿದ್ದೇನೆ: ಬೀಜ ಕೊಳ್ಳುವ ದಿನ, ಸೊಸೈಟಿಯ ಸಾಲ ತೀರಿಸುವ ದಿನ, ಜಾತ್ರೆ, ಶಾಲೆ ಶುರುವಾಗುವ ದಿನ.